ಸಾಲು ಮುಗಿದಲ್ಲಿ ಅರ್ಥ ಮುಗಿಯುವುದಿಲ್ಲ: ‘ತೆಂಕಣ ಗಾಳಿ’ಯನ್ನು ತರಗತಿಗೆ ಸಿದ್ಧಪಡಿಸುವುದು

ಹಳಗನ್ನಡ ಪದ್ಯವೊಂದನ್ನು ನಾಳೆ ತರಗತಿಯಲ್ಲಿ ವಿವರಿಸಬೇಕಾದ ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕ ತೆರೆದರೆ ಸಾಮಾನ್ಯವಾಗಿ ಒಂದೇ ಬಗೆಯ ಪುಟ ಕಾಣುತ್ತದೆ. ಮೊದಲ ಸಾಲು, ಅದರ ಕೆಳಗೆ ಅದರ ಅರ್ಥ. ಎರಡನೆಯ ಸಾಲು, ಅದರ ಕೆಳಗೆ ಅದರ ಅರ್ಥ. ಹೀಗೆ ನಾಲ್ಕು ಸಾಲು, ನಾಲ್ಕು ಅರ್ಥ. ಷಟ್ಪದಿಯಲ್ಲಿ ಈ ಕ್ರಮ ಒಂದಿಷ್ಟು ದೂರ ನಡೆಯಬಹುದು. ಚಂಪೂ ಕಾವ್ಯದ ವೃತ್ತಕ್ಕೆ ಬಂದಾಗ ಅದು ಮೊದಲ ಸಾಲಿನ ತುದಿಯಲ್ಲೇ ಮುರಿದುಬೀಳುತ್ತದೆ. ಕಾರಣ ಸರಳ. ವೃತ್ತದಲ್ಲಿ ಸಾಲು ಎನ್ನುವುದು ಅಕ್ಷರಗಳ ಲೆಕ್ಕ. ಅಷ್ಟು ಅಕ್ಷರ ತುಂಬಿದಲ್ಲಿ ಸಾಲು ಮುಗಿಯುತ್ತದೆ, ಪದ ಅರ್ಧಕ್ಕೆ ನಿಂತಿದ್ದರೂ ಸರಿ. ಅರ್ಥ ತನ್ನ ಪಾಡಿಗೆ ಮುಂದಿನ ಸಾಲಿಗೆ ಹರಿದುಹೋಗಿರುತ್ತದೆ.

ಇದನ್ನು ತೋರಿಸಲು ಪಂಪನ ಬನವಾಸಿಯ ಪದ್ಯಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಎಲ್ಲರಿಗೂ ಗೊತ್ತಿರುವ, ಅರ್ಧ ಕನ್ನಡನಾಡಿಗೆ ಬಾಯಿಪಾಠವಾಗಿರುವ ಪದ್ಯ ಇದು. ಕೊನೆಯ ಸಾಲಂತೂ ನಾಡಹಬ್ಬದ ವೇದಿಕೆಗಳ ಮಾತೇ ಆಗಿಹೋಗಿದೆ. ಆದರೂ ಪದಪದವಾಗಿ ಬಿಡಿಸಿ ಹೇಳು ಎಂದರೆ ತಡವರಿಸುವವರೇ ಹೆಚ್ಚು. ಪೂರ್ತಿ ಪದ್ಯ ಕಣ್ಣ ಮುಂದಿರಲಿ:

ತೆಂಕಣ ಗಾಳಿ ಸೋಂಕಿದೊಡಮೊಳ್ನುಡಿಗೇಳ್ದೊಡಮಿಂಪನಾಳ್ದ ಗೇ
ಯಂ ಕಿವಿವೊಕ್ಕೊಡಂ ಬಿರಿದ ಮಲ್ಲಿಗೆ ಕಂಡೊಡಮಾದ ಕೆಂದಲಂ
ಪಂ ಗೆಡೆಗೊಂಡೊಡಂ ಮಧುಮಹೋತ್ಸವಮಾದೊಡಮೇನನೆಂಬೆನಾ
ರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ

ಮೊದಲು ಸಾಲಿನ ತುದಿಗಳನ್ನು ನೋಡಿ

ನಾಲ್ಕು ಸಾಲುಗಳಲ್ಲಿ ಮೊದಲ ಮೂರರ ತುದಿಯೂ ಪದದ ನಡುವೆ ಬಿದ್ದಿದೆ. ಮೊದಲ ಸಾಲು ‘ಗೇ’ ಎಂದು ನಿಲ್ಲುತ್ತದೆ, ಎರಡನೆಯದು ‘ಯಂ’ ಎಂದು ಹೊರಡುತ್ತದೆ. ಎರಡೂ ಸೇರಿ ‘ಗೇಯಂ’, ಅಂದರೆ ಹಾಡು. ಎರಡನೆಯ ಸಾಲಿನ ತುದಿಯ ‘ಕೆಂದಲಂ’ ಮತ್ತು ಮೂರನೆಯದರ ಮೊದಲಿನ ‘ಪಂ’ ಸೇರಿ ‘ಕೆಂದಲಂಪಂ’. ಮೂರನೆಯ ಸಾಲಿನ ತುದಿಯ ‘ಎಂಬೆನಾ’ ಮತ್ತು ನಾಲ್ಕನೆಯದರ ‘ರಂಕುಸಮಿಟ್ಟೊಡಂ’ ಸೇರಿದಾಗ ‘ಎಂಬೆನ್ ಆರ್ ಅಂಕುಸಮ್ ಇಟ್ಟೊಡಂ’ ಆಗುತ್ತದೆ.

ಈ ಮೂರನೆಯ ಜಾಗವೇ ಹೆಚ್ಚು ಅಪಾಯದ್ದು. ಮೊದಲೆರಡು ಕಡೆ ‘ಯಂ’, ‘ಪಂ’ ಎಂಬ ತುಂಡುಗಳಿಗೆ ಅರ್ಥವೇ ಇಲ್ಲದಿರುವುದರಿಂದ ಏನೋ ತಪ್ಪಿದೆ ಎಂದು ಓದುವವರಿಗೆ ತಾನಾಗಿ ಅನ್ನಿಸುತ್ತದೆ. ಮೂರನೆಯ ಕಡೆ ಹಾಗಲ್ಲ. ‘ಏನನೆಂಬೆನಾ’ ಎಂದು ಸಾಲು ಮುಗಿದಾಗ ಇಂದಿನ ಕಿವಿಗೆ ಅದು ‘ಏನನ್ನಾದರೂ ಹೇಳುತ್ತೇನಾ?’ ಎಂಬ ಪ್ರಶ್ನೆಯ ಹಾಗೆ ಕೇಳುತ್ತದೆ. ಅರ್ಥ ಕೂಡಿಬಂತು ಎಂದುಕೊಂಡು ಮುಂದೆ ಹೋದರೆ ‘ರಂಕುಸ’ ಎಂಬ ಇಲ್ಲದ ಪದವೊಂದು ಉಳಿಯುತ್ತದೆ. ಅದನ್ನು ಹೇಗಾದರೂ ‘ಅಂಕುಶ’ಕ್ಕೆ ಹೊಂದಿಸಿಕೊಂಡರೂ ‘ಆರ್’ ಕಳೆದುಹೋಗಿರುತ್ತದೆ. ‘ಆರ್’ ಎಂದರೆ ಯಾರು. ಅದು ಕಳೆದರೆ ‘ಯಾರು ಅಂಕುಶ ಹಾಕಿದರೂ’ ಎಂಬ ಮಾತು ಬರೀ ‘ಅಂಕುಶ ಹಾಕಿದರೂ’ ಆಗುತ್ತದೆ. ಪದ್ಯದ ಹಟವೆಲ್ಲ ಆ ‘ಆರ್’ನಲ್ಲಿದೆ.

ಆದ್ದರಿಂದ ವಿದ್ಯಾರ್ಥಿಗೆ ಹೇಳಿಕೊಡುವ ಮೊದಲ ಕೆಲಸ ಅರ್ಥ ಬರೆಸುವುದಲ್ಲ. ನಾಲ್ಕು ಸಾಲನ್ನೂ ಒಂದೇ ಉದ್ದ ಸಾಲಾಗಿ, ನಡುವೆ ಜಾಗ ಬಿಡದೆ ಬರೆಸಬೇಕು. ಆಮೇಲೆ ಪೆನ್ಸಿಲ್ ಕೊಟ್ಟು ಎಲ್ಲೆಲ್ಲಿ ‘-ಒಡಂ’ ಅಥವಾ ‘-ಒಡಮ್’ ಎಂಬ ಸದ್ದು ಬರುತ್ತದೋ ಅಲ್ಲಲ್ಲಿ ಗೀಟು ಹಾಕಲು ಹೇಳಬೇಕು. ಹಳಗನ್ನಡ ಗೊತ್ತಿಲ್ಲದವರೂ ಇದನ್ನು ಮಾಡಬಲ್ಲರು. ಸೋಂಕಿದೊಡಂ, ಕೇಳ್ದೊಡಂ, ಪೊಕ್ಕೊಡಂ, ಕಂಡೊಡಂ, ಗೆಡೆಗೊಂಡೊಡಂ, ಆದೊಡಂ, ಇಟ್ಟೊಡಂ. ಒಟ್ಟು 7 ಗೀಟು ಬೀಳುತ್ತವೆ. ಪದ್ಯದ ನಿಜವಾದ ತುಂಡುಗಳು ಇವು, ಮುದ್ರಿತ ಪುಟದ ನಾಲ್ಕು ಸಾಲುಗಳಲ್ಲ. ಏಳನೆಯ ಗೀಟಿನ ಆಚೆ ಉಳಿಯುವುದೇ ಮುಖ್ಯ ವಾಕ್ಯ: ನೆನೆವುದು ಎನ್ನ ಮನಂ ಬನವಾಸಿ ದೇಶಮಂ.

ಬಿಡಿಸುವಾಗ

ಈಗ ಒಂದೊಂದೇ ತುಂಡನ್ನು ಬಿಡಿಸಬಹುದು. ಇಲ್ಲಿ ಸಂಧಿಯ ಹೆಸರು ಹೇಳುವುದಕ್ಕಿಂತ ಸಂಧಿ ಯಾವ ಅಕ್ಷರವನ್ನು ಮರೆಮಾಡಿದೆ ಎಂದು ತೋರಿಸುವುದು ಮುಖ್ಯ. ‘ಒಳ್ನುಡಿಗೇಳ್ದೊಡಂ’ ಎಂಬಲ್ಲಿ ‘ಗೇಳ್’ ಎಂಬ ಧಾತುವನ್ನು ನಿಘಂಟಿನಲ್ಲಿ ಹುಡುಕಿದರೆ ಸಿಗದು. ಅಲ್ಲಿರುವುದು ‘ಕೇಳ್’. ‘ಒಳ್ನುಡಿ’ಯ ಜೊತೆ ಸಮಾಸವಾದಾಗ ಕಕಾರ ಗಕಾರವಾಗಿದೆ. ‘ಕಿವಿವೊಕ್ಕೊಡಂ’ ಎಂಬಲ್ಲಿ ‘ವೊಕ್ಕು’ ಇಲ್ಲ, ‘ಪೊಕ್ಕು’ ಇದೆ. ಪಕಾರ ವಕಾರವಾಗಿದೆ. ಪೊಕ್ಕು ಎಂದರೆ ಹೊಕ್ಕು. ‘ಗೆಡೆಗೊಂಡೊಡಂ’ ಎಂಬಲ್ಲಿ ‘ಗೆಡೆ’ಯ ಜೊತೆ ‘ಕೊಂಡು’ ಸೇರಿ ‘ಗೊಂಡು’ ಆಗಿದೆ. ಮೂರೂ ಕಡೆ ನಡೆದದ್ದು ಒಂದೇ: ಆದೇಶ ಸಂಧಿ. ಮೂರನ್ನೂ ಒಟ್ಟಿಗೆ ತೋರಿಸಿದರೆ ವಿದ್ಯಾರ್ಥಿ ಮುಂದಿನ ಪದ್ಯದಲ್ಲಿ ತಾನೇ ಹುಡುಕಿಕೊಳ್ಳುತ್ತಾನೆ. ಸಂಧಿಯ ಲಕ್ಷಣವನ್ನು ಮೊದಲೇ ಬಾಯಿಪಾಠ ಮಾಡಿಸಿದರೆ ಆಗುವ ಪ್ರಯೋಜನ ಇದಕ್ಕಿಂತ ಕಡಿಮೆ.

‘ಇಂಪನಾಳ್ದ ಗೇಯಂ’ ಎಂಬಲ್ಲಿ ಇನ್ನೊಂದು ತೊಡಕಿದೆ. ಇಂಪನ್ ಆಳ್ದ ಎಂದು ಬಿಡಿಸಿದ ಕೂಡಲೇ ‘ಇಂಪನ್ನು ಆಳಿದ ಹಾಡು’ ಎಂದು ಬರೆಯುತ್ತಾರೆ, ಹಾಡೇ ರಾಜನಾಗಿ ಇಂಪಿನ ಮೇಲೆ ಆಳ್ವಿಕೆ ನಡೆಸಿದಂತೆ. ಹಳಗನ್ನಡದ ‘ಆಳ್’ಗೆ ಹೊಂದು, ಪಡೆದಿರು ಎಂಬ ಅರ್ಥವೂ ಉಂಟು. ಇಲ್ಲಿ ಬೇಕಾದದ್ದು ಅದು: ಇಂಪನ್ನು ಹೊಂದಿದ ಹಾಡು, ಇಂಪಾದ ಹಾಡು. ‘ಮಧುಮಹೋತ್ಸವ’ದಲ್ಲಿ ‘ಮಧು’ ಎಂದರೆ ಜೇನಲ್ಲ, ಕಳ್ಳೂ ಅಲ್ಲ, ವಸಂತ. ಅದು ವಸಂತೋತ್ಸವ. ‘ತೆಂಕಣ ಗಾಳಿ’ ತೆಂಕಣದಿಂದ, ದಕ್ಷಿಣದಿಂದ ಬೀಸುವ ಗಾಳಿ. ಕಾವ್ಯಗಳಲ್ಲಿ ಅದು ಮಲಯಮಾರುತ, ವಸಂತದ ಮುನ್ಸೂಚನೆ. ಹೀಗೆ ಮೊದಲ ತುಂಡು ಮತ್ತು ಆರನೆಯ ತುಂಡು ಎರಡೂ ವಸಂತವೇ. ಮೊದಲು ಗಾಳಿಯಾಗಿ ಮೈಗೆ ಸೋಕಿದ್ದು ಕೊನೆಗೆ ಹಬ್ಬವಾಗಿ ಬರುತ್ತದೆ. ತೆಂಕಣ ಗಾಳಿ ಎಂದರೆ ಬರೀ ದಿಕ್ಕು ಎಂದುಕೊಂಡವರಿಗೆ ಈ ನಂಟು ಕಾಣುವುದಿಲ್ಲ.

ಐದನೆಯ ತುಂಡಿನಲ್ಲಿ ನಿಧಾನಿಸಬೇಕು. ‘ಆದ ಕೆಂದಲಂಪಂ ಗೆಡೆಗೊಂಡೊಡಂ’. ತರಗತಿಯಲ್ಲಿ ಮುಜುಗರದಿಂದಲೋ ಅನುಮಾನದಿಂದಲೋ ಹಾರಿಸಿಬಿಡುವ ಜಾಗ ಇದೇ. ಹಾರಿಸಿದರೆ ‘ಕೆಂದಳಿರು’, ‘ಕೆಂದಾವರೆ’ ಎಂಬ ಪರಿಚಿತ ಪದಗಳ ನೆನಪಿನಲ್ಲಿ ವಿದ್ಯಾರ್ಥಿ ಇಲ್ಲೊಂದು ಕೆಂಪು ಹೂವನ್ನೋ ಚಿಗುರನ್ನೋ ಊಹಿಸಿಕೊಳ್ಳುತ್ತಾನೆ. ಹಿಂದೆಯೇ ಮಲ್ಲಿಗೆ ಬಂದಿರುವುದರಿಂದ ಆ ಊಹೆ ಸಹಜವಾಗಿಯೂ ಕಾಣುತ್ತದೆ. ಅದನ್ನು ತಡೆಯಲು ‘ಅಲಂಪು’ ಎಂಬ ಪದವನ್ನು ಹಿಡಿದುಕೊಳ್ಳಬೇಕು. ಅಲಂಪು ಎಂದರೆ ಸುಖ, ಸಂತೋಷ. ಹತ್ತಿರದಲ್ಲೇ ಇರುವ, ಇಷ್ಟೇ ಪ್ರಸಿದ್ಧವಾದ ‘ಚಾಗದ ಭೋಗದಕ್ಕರದ ಗೇಯದ ಗೊಟ್ಟಿಯಲಂಪಿನಿಂಪುಗಳ್’ ಎಂಬ ಪದ್ಯದಲ್ಲೂ ಅದೇ ಪದ ಬರುತ್ತದೆ: ಗೋಷ್ಠಿಯ ಸಂತೋಷ. ಒಂದು ಕಡೆ ಅನುಮಾನವಾದ ಪದ ಪಕ್ಕದ ಪದ್ಯದಲ್ಲಿ ಸ್ಪಷ್ಟವಾಗಿ ಸಿಕ್ಕರೆ ಅದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ‘ಗೆಡೆ’ ಎಂದರೆ ಜೊತೆ, ಕೂಟ. ಒಟ್ಟಿನಲ್ಲಿ ನಲ್ಲ ನಲ್ಲೆಯರ ಕೂಟದ ಸುಖ ಒದಗಿದರೂ ಎಂಬುದು ಈ ತುಂಡಿನ ಅರ್ಥ. ಹದಿಹರೆಯದವರ ತರಗತಿಯಲ್ಲಿ ‘ಪ್ರೀತಿಸಿದವರ ಜೊತೆಗೂಡಿದ ಸುಖ’ ಎಂದರೆ ಸಾಕು, ಅರ್ಥಕ್ಕೆ ಮೋಸವಾಗುವುದಿಲ್ಲ.

ಕ್ರಿಯಾಪದವನ್ನು ಬಿಡಬೇಡಿ

ಅರ್ಥ ಹೇಳುವಾಗ ನಾಮಪದಗಳನ್ನು ಮಾತ್ರ ಹಿಡಿದು ಉಳಿದದ್ದನ್ನು ಊಹೆಯಿಂದ ತುಂಬುವ ಅಭ್ಯಾಸ ಬಹಳ ಇದೆ. ಗಾಳಿ ಇದೆ, ಹಾಡಿದೆ, ಮಲ್ಲಿಗೆ ಇದೆ, ಅಂದಮೇಲೆ ‘ತಂಗಾಳಿ ಬೀಸಿದಾಗ, ಹಾಡು ಕೇಳಿದಾಗ, ಮಲ್ಲಿಗೆಯ ಕಂಪು ಬಂದಾಗ’ ಎಂದು ಬರೆದುಬಿಡುತ್ತಾರೆ. ಮಲ್ಲಿಗೆಯ ಕಂಪು ಪದ್ಯದಲ್ಲಿಲ್ಲ. ಇರುವುದು ‘ಬಿರಿದ ಮಲ್ಲಿಗೆ ಕಂಡೊಡಂ’, ಅರಳಿದ ಮಲ್ಲಿಗೆಯನ್ನು ಕಂಡರೂ. ಕಂಪಿಗೇ ಹೆಸರಾದ ಹೂವನ್ನು ಪಂಪ ಮೂಗಿಗೆ ಕೊಡದೆ ಕಣ್ಣಿಗೆ ಕೊಟ್ಟಿದ್ದಾನೆ. ಪರಿಮಳ ತಲುಪುವವರೆಗೂ ಕಾಯಬೇಕಿಲ್ಲ, ಕಂಡರೇ ಆಯಿತು. ಗಾಳಿಯೂ ‘ಬೀಸಿದೊಡಂ’ ಅಲ್ಲ, ‘ಸೋಂಕಿದೊಡಂ’. ಬೀಸುವುದು ಗಾಳಿಯ ಕೆಲಸ, ಸೋಕುವುದಕ್ಕೆ ಒಂದು ಮೈ ಬೇಕು.

ಹಾಡಿನ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಒಳ್ಳೆಯ ನುಡಿಗೆ ‘ಕೇಳ್ದೊಡಂ’ ಎಂದ ಕವಿ ಹಾಡಿಗೆ ಅದೇ ಕ್ರಿಯೆಯನ್ನು ಬಳಸಬಹುದಿತ್ತು. ಬಳಸಿದ್ದು ‘ಕಿವಿವೊಕ್ಕೊಡಂ’. ನುಡಿಯನ್ನು ನಾವು ಕೇಳುತ್ತೇವೆ. ಹಾಡು ತಾನೇ ಕಿವಿಯನ್ನು ಹೊಗುತ್ತದೆ. ಮೊದಲನೆಯದರಲ್ಲಿ ಕರ್ತೃ ಕೇಳುವವನು, ಎರಡನೆಯದರಲ್ಲಿ ಗೇಯ. ‘ಇಂಪಾದ ಹಾಡು ಕೇಳಿದರೂ’ ಎಂದು ಬರೆದ ವಿದ್ಯಾರ್ಥಿಯನ್ನು ತಪ್ಪು ಎಂದು ಹೊಡೆದುಹಾಕಬೇಕಿಲ್ಲ, ಆದರೆ ‘ಇಲ್ಲಿ ಯಾರು ಏನು ಮಾಡುತ್ತಿದ್ದಾರೆ?’ ಎಂದು ಕೇಳಬೇಕು. ಪ್ರತಿ ತುಂಡಿಗೂ ಈ ಒಂದು ಪ್ರಶ್ನೆ ಕೇಳಿದರೆ ಊಹೆಯಿಂದ ತುಂಬುವ ಚಟ ತಾನಾಗಿ ಕಡಿಮೆಯಾಗುತ್ತದೆ.

ಮುಖ್ಯ ವಾಕ್ಯಕ್ಕೂ ಇದೇ ಪ್ರಶ್ನೆ. ‘ನೆನೆವುದೆನ್ನ ಮನಂ’. ನೆನೆಯುತ್ತಿರುವುದು ಯಾರು? ‘ನಾನು ಬನವಾಸಿಯನ್ನು ನೆನೆಯುತ್ತೇನೆ’ ಎಂದು ಬರೆದವರು ಕರ್ತೃವನ್ನು ಬದಲಾಯಿಸಿದ್ದಾರೆ. ನೆನೆಯುವುದು ‘ಎನ್ನ ಮನಂ’. ನಾನು ಬೇರೆ, ನನ್ನ ಮನಸ್ಸು ಬೇರೆ ಎಂಬಂತೆ ವಾಕ್ಯ ನಿಂತಿದೆ. ಹಾಗೆ ನಿಂತಿರುವುದರಿಂದಲೇ ‘ಏನನೆಂಬೆಂ’, ಏನೆಂದು ಹೇಳಲಿ ಎಂಬ ಉದ್ಗಾರಕ್ಕೂ ‘ಅಂಕುಸ’ಕ್ಕೂ ಅರ್ಥ ಬರುತ್ತದೆ. ಅಂಕುಸ ಎಂದರೆ ಅಂಕುಶ, ಆನೆಯನ್ನು ಹತೋಟಿಯಲ್ಲಿಡಲು ಮಾವುತ ಹಿಡಿಯುವ ಆಯುಧ. ಪದ್ಯದಲ್ಲಿ ಆನೆ ಎಂಬ ಪದ ಎಲ್ಲೂ ಇಲ್ಲ. ಅಂಕುಸ ಎಂಬ ಒಂದೇ ಮಾತಿನಿಂದ ಮನಸ್ಸು ಮದವೇರಿದ ಆನೆಯಾಗಿಬಿಟ್ಟಿದೆ. ಕರ್ತೃವನ್ನು ‘ನಾನು’ ಎಂದು ಬರೆದವರಿಗೆ ಈ ಆನೆ ಸಿಗುವುದಿಲ್ಲ, ಏಕೆಂದರೆ ಆಗ ಅಂಕುಶ ಬೀಳುವುದು ನನ್ನ ಮೇಲೆ.

ಒಂದೇ ‘-ಒಡಂ’, ಎರಡು ಕೆಲಸ

ಇಷ್ಟೆಲ್ಲ ಸರಿಯಾದ ಮೇಲೂ ಪದ್ಯದ ಅರ್ಥ ತಲೆಕೆಳಗಾಗುವ ಒಂದು ಜಾಗ ಉಳಿದಿದೆ. ನನ್ನ ಮಟ್ಟಿಗೆ ಈ ಪದ್ಯವನ್ನು ಹೇಳಿಕೊಡುವುದರಲ್ಲಿ ಅತಿ ಮುಖ್ಯವಾದದ್ದು ಇದೇ. ‘ಸೋಂಕಿದೊಡೆ’ ಎಂದರೆ ಸೋಕಿದರೆ. ‘ಸೋಂಕಿದೊಡಂ’ ಎಂದರೆ ಸೋಕಿದರೂ. ಏಳೂ ತುಂಡುಗಳಿಗೆ ‘-ದರೂ’ ಹಚ್ಚಿ ಬರೆದರೆ ವ್ಯಾಕರಣದ ಪ್ರಕಾರ ತಪ್ಪಿಲ್ಲ. ಆದರೆ ಇಂದಿನ ಕನ್ನಡದಲ್ಲಿ ‘-ದರೂ’ ಎಂದ ಕೂಡಲೇ ಒಂದು ಅಡ್ಡಿಯ ಭಾವ ಬರುತ್ತದೆ. ಮಳೆ ಬಂದರೂ ಹೋದೆ ಎಂದರೆ ಮಳೆ ಅಡ್ಡಿಯಾಗಿತ್ತು, ಆದರೂ ಹೋದೆ ಎಂದು. ಅದೇ ಕಿವಿಯಿಂದ ಕೇಳಿದವರು ಹೀಗೆ ಬರೆಯುತ್ತಾರೆ: ‘ತಂಗಾಳಿ, ಹಾಡು, ಮಲ್ಲಿಗೆ, ವಸಂತೋತ್ಸವ ಇಷ್ಟೆಲ್ಲ ಸುಖಗಳು ಸೆಳೆದರೂ ಕವಿಯ ಮನಸ್ಸು ಅವುಗಳಿಗೆ ಸೋಲದೆ ಬನವಾಸಿಯನ್ನೇ ನೆನೆಯುತ್ತದೆ.’ ಕೇಳಲು ಚೆನ್ನಾಗಿದೆ. ಅರ್ಥ ಮಾತ್ರ ಉಲ್ಟಾ. ಇಲ್ಲಿ ಗಾಳಿ, ಹಾಡು, ಮಲ್ಲಿಗೆಗಳು ಬನವಾಸಿಯ ಎದುರಾಳಿಗಳಾಗಿಬಿಟ್ಟವು.

ಪದ್ಯದಲ್ಲಿ ಮೊದಲ ಆರು ಅಡ್ಡಿಗಳಲ್ಲ, ಕಾರಣಗಳು. ಗಾಳಿ ಸೋಕಿದರೂ ಸರಿ, ಒಳ್ಳೆಯ ನುಡಿ ಕೇಳಿದರೂ ಸರಿ, ಹಾಡು ಕಿವಿ ಹೊಕ್ಕರೂ ಸರಿ, ಇವುಗಳಲ್ಲಿ ಯಾವುದೊಂದು ಆದರೂ ಮನಸ್ಸು ಬನವಾಸಿಗೆ ಹೋಗುತ್ತದೆ. ಒಂದೊಂದೂ ನೆನಪನ್ನು ಎಬ್ಬಿಸುತ್ತದೆ. ಏಳನೆಯದು ಮಾತ್ರ ನಿಜವಾದ ಅಡ್ಡಿ: ಯಾರು ಅಂಕುಶ ಹಾಕಿ ತಡೆದರೂ. ಅದೇ ಪ್ರತ್ಯಯ ಆರು ಸಲ ಪ್ರಚೋದನೆಯನ್ನೂ ಒಂದು ಸಲ ತಡೆಯನ್ನೂ ಹೇಳಿದೆ. ಆರು ಕೈಗಳು ಎಳೆಯುತ್ತಿವೆ, ಏಳನೆಯದು ತಡೆಯುತ್ತಿದೆ, ಮನಸ್ಸು ಆರರ ಕಡೆಗೇ ಹೋಗುತ್ತದೆ.

ಇದನ್ನು ವಿದ್ಯಾರ್ಥಿ ತಾನೇ ಕಂಡುಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ. ಪ್ರತಿ ತುಂಡಿಗೂ ‘-ದರೆ ಸಾಕು’ ಎಂದು ಹಚ್ಚಿ ಓದಬೇಕು. ಗಾಳಿ ಸೋಕಿದರೆ ಸಾಕು, ನೆನೆಯುತ್ತದೆ. ಹೊಂದಿತು. ಮಲ್ಲಿಗೆ ಕಂಡರೆ ಸಾಕು, ನೆನೆಯುತ್ತದೆ. ಹೊಂದಿತು. ವಸಂತೋತ್ಸವ ಬಂದರೆ ಸಾಕು, ನೆನೆಯುತ್ತದೆ. ಹೊಂದಿತು. ಯಾರಾದರೂ ಅಂಕುಶ ಹಾಕಿದರೆ ಸಾಕು, ನೆನೆಯುತ್ತದೆ. ಇಲ್ಲಿ ಹುಡುಗರು ತಾವೇ ನಿಲ್ಲುತ್ತಾರೆ, ಹೊಂದುವುದಿಲ್ಲ ಎನ್ನುತ್ತಾರೆ. ‘ಸಾಕು’ ಎಂಬುದು ಮೂಲದಲ್ಲಿಲ್ಲ, ಆದ್ದರಿಂದ ಕೊನೆಯ ಬರವಣಿಗೆಯಲ್ಲಿ ಅದನ್ನು ಉಳಿಸಿಕೊಳ್ಳಬಾರದು. ಪರೀಕ್ಷೆಗೆ ಮಾತ್ರ ಬಳಸಿ ತೆಗೆದುಬಿಡಬೇಕು.

ಇನ್ನೊಂದು ಸಂಗತಿ ಆಗ ತಾನಾಗಿ ಹೊಳೆಯುತ್ತದೆ. ಆರು ಪ್ರಚೋದನೆಗಳು ಮುಗಿದು ಒಂದು ತಡೆ ಶುರುವಾಗುವ ಸರಿಯಾದ ಜಾಗದಲ್ಲಿ ‘ಏನನೆಂಬೆಂ’ ಕೂತಿದೆ. ಪಟ್ಟಿ ಬೆಳೆಯುತ್ತ ಬೆಳೆಯುತ್ತ ಕವಿಗೆ ಮಾತು ಸಾಲದೆ, ‘ಏನು ಹೇಳಲಿ’ ಎಂದು ಉಸಿರು ತೆಗೆದುಕೊಂಡು ತಿರುಗಿದ್ದಾನೆ. ಗಟ್ಟಿಯಾಗಿ ಓದುವಾಗ ನಿಲ್ಲಬೇಕಾದದ್ದು ‘ಏನನೆಂಬೆಂ’ ಆದ ಮೇಲೆ. ಮುದ್ರಿತ ಸಾಲಿನ ತುದಿಯಲ್ಲಿ ನಿಂತರೆ ‘ಆರ್’ ಸೀಳಿಹೋಗುತ್ತದೆ.

ಛಂದಸ್ಸಿಗೆ ಮತ್ತೆ ಕೂಡಿಸಿಕೊಳ್ಳಿ

ಅರ್ಥಕ್ಕಾಗಿ ಬಿಡಿಸಿದ ಪಾಠಕ್ಕೇ ಪ್ರಸ್ತಾರ ಹಾಕುವುದು ಪರೀಕ್ಷೆಗಳಲ್ಲಿ ಪದೇಪದೇ ಕಾಣುವ ತಪ್ಪು. ಈ ಪದ್ಯ ಉತ್ಪಲಮಾಲಾ ವೃತ್ತ, ಸಾಲಿಗೆ 20 ಅಕ್ಷರ, ಗಣಗಳು ಭ ರ ನ ಭ ಭ ರ, ಕೊನೆಗೆ ಒಂದು ಲಘು ಒಂದು ಗುರು. ಮೊದಲ ಸಾಲನ್ನು ಕೂಡಿದಂತೆಯೇ ಓದಿದರೆ ಹೀಗೆ ಬೀಳುತ್ತದೆ: ತೆಂಕಣ, ಗಾಳಿಸೋಂ, ಕಿದೊಡ, ಮೊಳ್ನುಡಿ, ಗೇಳ್ದೊಡ, ಮಿಂಪನಾಳ್, ದಗೇ. ಮೂರನೆಯ ಗಣ ‘ಕಿದೊಡ’, ಮೂರೂ ಲಘು, ನಗಣ. ಇದನ್ನೇ ‘ಸೋಂಕಿದೊಡಂ ಒಳ್ನುಡಿ’ ಎಂದು ಬಿಡಿಸಿ ಪ್ರಸ್ತಾರ ಹಾಕಿದರೆ ‘ಡಂ’ ಬಿಂದುವಿನಿಂದಾಗಿ ಗುರುವಾಗುತ್ತದೆ, ‘ಕಿದೊಡಂ’ ಸಗಣವಾಗುತ್ತದೆ, ವೃತ್ತ ಕೆಡುತ್ತದೆ. ಅಕ್ಷರಗಳ ಎಣಿಕೆ 20ಕ್ಕೆ ಸರಿಯಾಗಿಯೇ ಬರುವುದರಿಂದ ತಪ್ಪು ಎಲ್ಲಿ ಎಂದು ಬೇಗ ತಿಳಿಯುವುದೂ ಇಲ್ಲ. ಅರ್ಥಕ್ಕೆ ಬಿಡಿಸಿದ ಪಾಠ, ಛಂದಸ್ಸಿಗೆ ಕೂಡಿದ ಪಾಠ ಎಂದು ಪುಸ್ತಕದ ಎರಡು ಪುಟಗಳನ್ನು ಬೇರೆ ಇಟ್ಟುಕೊಂಡರೆ ಈ ಗೊಂದಲ ಬರುವುದಿಲ್ಲ.

ಆದಿಪ್ರಾಸವೂ ಕೂಡಿದ ಪಾಠದಲ್ಲೇ ಕಾಣುವುದು: ತೆಂಕ, ಯಂಕಿ, ಪಂಗೆ, ರಂಕು. ಬಿಂದು ಹಿಂದಿರುವುದರಿಂದ ವೃಷಭಪ್ರಾಸ. ಮೂರನೆಯ ಸಾಲಿನಲ್ಲಿ ಕಕಾರದ ಬದಲು ಅದೇ ವರ್ಗದ ಗಕಾರ ಬಂದಿದೆ. ಪದಗಳು ಸಾಲಿನ ತುದಿಯಲ್ಲಿ ಯಾಕೆ ಹಾಗೆ ತುಂಡಾಗಿವೆ ಎಂಬುದಕ್ಕೂ ಇಲ್ಲಿ ಸ್ವಲ್ಪ ಉತ್ತರವಿದೆ. ‘ಗೇಯಂ ಕಿವಿ’ ಎಂಬುದನ್ನು ‘ಗೇ’ ಆದ ಮೇಲೆ ಕತ್ತರಿಸಿದ್ದರಿಂದಲೇ ಎರಡನೆಯ ಸಾಲಿಗೆ ‘ಯಂಕಿ’ ಎಂಬ ಆರಂಭ ಸಿಕ್ಕಿದೆ.

ಇದು ಯಾರ ಮಾತು?

ತರಗತಿಯಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಅದಕ್ಕೆ ಸಿದ್ಧವಾಗಿರಬೇಕು. ಪದ್ಯ ಇರುವುದು ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ. ತೀರ್ಥಯಾತ್ರೆ ಹೊರಟ ಅರ್ಜುನ ಬನವಾಸಿ ನಾಡಿಗೆ ಬಂದ ಸಂದರ್ಭ. ಹಾಗಾಗಿ ‘ಎನ್ನ ಮನಂ’ ಎಂದರೆ ಅರ್ಜುನನ ಮನಸ್ಸೇ ಎಂದು ಕೇಳುವುದು ನ್ಯಾಯವೇ. ಆದರೆ ‘ನೆನೆವುದು’ ಎಂಬ ಕ್ರಿಯೆಯನ್ನು ಮತ್ತೆ ನೋಡಬೇಕು. ನೆನೆಯುವುದು ಎದುರಿಗೆ ಇಲ್ಲದ್ದನ್ನು. ಅರ್ಜುನ ಬನವಾಸಿಯಲ್ಲೇ ನಿಂತಿದ್ದಾನೆ. ಗಾಳಿ ಸೋಕಿದಾಗಲೆಲ್ಲ, ಮಲ್ಲಿಗೆ ಕಂಡಾಗಲೆಲ್ಲ ಬನವಾಸಿ ನೆನಪಾಗುವುದು ಬೇರೆಲ್ಲೋ ಇರುವವನಿಗೆ. ಪಂಪ ಈ ಕಾವ್ಯವನ್ನು ಮುಗಿಸಿದ್ದು ಕ್ರಿ.ಶ. 941ರಲ್ಲಿ, ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿ. ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ, ವರದಾ ತೀರದ ಬನವಾಸಿಯಿಂದ ಬಹು ದೂರ. ಕಥೆಯ ಪಾತ್ರವನ್ನು ಬದಿಗಿಟ್ಟು ಕವಿಯೇ ಮಾತಾಡಿದ್ದಾನೆ ಎಂದು ಹೆಚ್ಚಿನ ಓದುಗರು ಕೇಳಿಸಿಕೊಂಡಿರುವುದಕ್ಕೆ ಈ ದೂರವೂ ಆ ಕ್ರಿಯಾಪದವೂ ಕಾರಣ.

ಹಾಗೆಂದು ‘ಕವಿ ತನ್ನ ಹುಟ್ಟೂರನ್ನು ನೆನೆದು ಬರೆದ ಪದ್ಯ’ ಎಂದು ಟಿಪ್ಪಣಿಯ ಮೊದಲ ವಾಕ್ಯ ಬರೆಯಬಾರದು. ಹುಟ್ಟೂರು ಎಂಬ ಮಾತು ಈ ನಾಲ್ಕು ಸಾಲಿನಲ್ಲಿಲ್ಲ. ಇರುವುದು ‘ಬನವಾಸಿ ದೇಶಮಂ’, ಅದೂ ಊರಲ್ಲ, ನಾಡು. ಪ್ರಶ್ನೆ ಕೇಳಿದವರಿಗೆ ‘ಕಥೆಯ ಪ್ರಕಾರ ಅರ್ಜುನ ಬಂದಿದ್ದಾನೆ, ಪದ್ಯದ ದನಿ ಕವಿಯದ್ದೆನಿಸುತ್ತದೆ, ಹಾಗೆನಿಸುವುದು ನೆನೆವುದು ಎಂಬ ಕ್ರಿಯೆಯಿಂದ’ ಎಂದು ಮೂರು ಮಾತಿನಲ್ಲಿ ಹೇಳಿ, ಆ ಕ್ರಿಯಾಪದವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರೆ ಸಾಕು.